ಹಣ ಬಂತು, ಈಗ ಗಿರಾಕಿಗೆ ಏನಂತ ಬರೆಯೋದು?

ಬದಿಯಡ್ಕದಿಂದ ಕೇಳಿದವರು: ಮನೆಯಲ್ಲೇ ಹಲಸಿನ ಹಪ್ಪಳ, ಮಾಂಬಳ ಮಾಡಿ ವಾಟ್ಸಾಪಿನಲ್ಲಿ ಮಾರುತ್ತೇನೆ. ಹೆಚ್ಚಿನವರು ಬೆಂಗಳೂರಿನವರು. ಹಣ ಹಾಕಿದ ಕೂಡಲೇ "ಥ್ಯಾಂಕ್ಯೂ, 3-4 ದಿನದಲ್ಲಿ ಸಿಗುತ್ತದೆ" ಅಂತ ಬರೆಯುತ್ತೇನೆ. ಮರುದಿನದಿಂದಲೇ "ಕಳಿಸಿದ್ರಾ? ಎಲ್ಲಿದೆ?" ಶುರು. ನೀವೆಲ್ಲ ಏನು ಬರೆಯುತ್ತೀರಿ?

ನೀರ್ಚಾಲಿನವರು: ಸುಮ್ನೆ 10 ದಿನ ಅಂತ ಬರೆದುಬಿಡಿ ಅಕ್ಕ. ಬೇಗ ಸಿಕ್ಕಿದರೆ ಅವರಿಗೇ ಖುಷಿ, ತಡವಾದರೆ ನಿಮಗೆ ಬೈಗುಳ ಇಲ್ಲ.

ಮಂಜೇಶ್ವರದವರು: ಹಪ್ಪಳ ಪುಡಿಯಾಗಿ ಹೋಗೋದಕ್ಕೆ ಅಲ್ವಾ ಜನ ಗಾಬರಿ ಆಗೋದು? ಕಟ್ಟಿನ ಮೇಲೆ ಕೆಳಗೆ ಗಟ್ಟಿ ರಟ್ಟು ಇಡಿ. ನಾನು ರಟ್ಟಿನ ಪೆಟ್ಟಿಗೆಯಲ್ಲೇ ಕಳಿಸೋದು, ದೂರು ಕಮ್ಮಿಯಾಗಿದೆ.

ಮುಳ್ಳೇರಿಯದವರು (ಕರಿಮೆಣಸು, ಪುನರ್ಪುಳಿ ಸಿಪ್ಪೆ): ರಟ್ಟು ಒಳ್ಳೆಯದೇ, ಆದರೆ ಅಕ್ಕ ಕೇಳಿದ್ದು ಮೆಸೇಜಿನ ವಿಷಯ. ತೊಂದರೆ ಇರುವುದು "3-4 ದಿನ" ಅನ್ನುವುದರಲ್ಲೇ. ಯಾವತ್ತಿನಿಂದ 3-4 ದಿನ? ಅವರು ಹಣ ಹಾಕಿದ ನಿಮಿಷದಿಂದ ಎಣಿಸುತ್ತಾರೆ, ನೀವು ಅಂಚೆ ಕಚೇರಿಗೆ ಕೊಟ್ಟ ದಿನದಿಂದ ಎಣಿಸುತ್ತೀರಿ. ಶನಿವಾರ ಸಂಜೆ ಆರ್ಡರ್ ಬಂದರೆ ಭಾನುವಾರ ರಜೆ, ನೀವು ಕೊಡುವುದು ಸೋಮವಾರ, ಅಷ್ಟರಲ್ಲಿ ಅವರ ಲೆಕ್ಕದಲ್ಲಿ ಎರಡು ದಿನ ಮುಗಿದೇಹೋಯಿತು.

ಹಾಗಾಗಿ ಎರಡು ತಾರೀಕು ಬೇರೆ ಬೇರೆ ಬರೆಯಿರಿ. ಕಳಿಸುವ ದಿನ ನಿಮ್ಮ ಕೈಯಲ್ಲಿದೆ, ಅದನ್ನು ಖಡಾಖಂಡಿತ ಹೇಳಬಹುದು. ತಲುಪುವ ದಿನ ನಿಮ್ಮ ಕೈಯಲ್ಲಿಲ್ಲ, ಅದಕ್ಕೆ ಇಂಥ ದಿನದಿಂದ ಇಂಥ ದಿನದೊಳಗೆ ಅಂತ ಬರೆಯಬೇಕು. ಆ ಅಂದಾಜು ಎಲ್ಲಿಂದ ಅಂದರೆ, ಹಳೆಯ ಸ್ಪೀಡ್ ಪೋಸ್ಟ್ ರಶೀದಿ ತೆಗೆದು ಟ್ರ್ಯಾಕಿಂಗಿನಲ್ಲಿ ಕೊಟ್ಟ ದಿನ, ತಲುಪಿದ ದಿನ ನೋಡಿ. ಪಿನ್‌ಕೋಡಿನ ಮೊದಲ ಮೂರು ಅಂಕಿ ಇಟ್ಟುಕೊಂಡು ಬರೆದಿಡಿ, ಬೆಂಗಳೂರು 560, ಮುಂಬೈ 400 ಹೀಗೆ. ಅತಿ ಬೇಗ ತಲುಪಿದ ಒಂದನ್ನು ನೆಚ್ಚಬೇಡಿ, ಹೆಚ್ಚಿನವು ಎಷ್ಟರೊಳಗೆ ತಲುಪಿವೆ ಅನ್ನುವುದೇ ನಿಮ್ಮ ಕೊನೆಯ ತಾರೀಕು.

ನಾನು ಹೀಗೆ ಬರೆಯುತ್ತೇನೆ, ನಿಮ್ಮ ಮಾಲಿಗೆ ಹೊಂದಿಸಿದ್ದೇನೆ:

"ನಿಮ್ಮ 640 ರೂಪಾಯಿ ಬಂದಿದೆ (ಖಾತೆ ನನ್ನ ಮಗನ ಹೆಸರಿನಲ್ಲಿದೆ). ಹಲಸಿನ ಹಪ್ಪಳ 2 ಕಟ್ಟು, ಮಾಂಬಳ ಅರ್ಧ ಕಿಲೋ. ಸೋಮವಾರ ಸ್ಪೀಡ್ ಪೋಸ್ಟಿಗೆ ಕೊಡುತ್ತೇನೆ, ಸಂಜೆ ರಶೀದಿಯ ಫೋಟೋ ಕಳಿಸುತ್ತೇನೆ. ನಿಮಗೆ ಗುರುವಾರದಿಂದ ಶನಿವಾರದೊಳಗೆ ಸಿಗಬಹುದು. ಶನಿವಾರ ಸಂಜೆಯೊಳಗೆ ಬಾರದಿದ್ದರೆ ಇದೇ ನಂಬರಿಗೆ ತಿಳಿಸಿ, ನಾನೇ ವಿಚಾರಿಸುತ್ತೇನೆ. ವಿಳಾಸ ಕೆಳಗಿದೆ, ತಪ್ಪಿದ್ದರೆ ಭಾನುವಾರ ರಾತ್ರಿಯೊಳಗೆ ಹೇಳಿ. ನಮ್ಮಿಂದ ತರಿಸಿಕೊಂಡದ್ದಕ್ಕೆ ಧನ್ಯವಾದ."

ಮಗನ ಹೆಸರಿನ ಮಾತು ಯಾಕೆ ಅಂದರೆ, ಯುಪಿಐಯಲ್ಲಿ ಹಣ ಹಾಕುವಾಗ ಅವರಿಗೆ ಕಾಣುವುದು ಖಾತೆದಾರರ ಹೆಸರು. ಮಾತಾಡಿದ್ದು ಅಕ್ಕನ ಹತ್ತಿರ, ಹಣ ಹೋದದ್ದು ಯಾವುದೋ ಗಂಡಸಿನ ಹೆಸರಿಗೆ. ಅರ್ಧ ಭಯ ಅಲ್ಲೇ. ಧನ್ಯವಾದ ಕೊನೆಯಲ್ಲಿ ಒಂದು ಸಾಲು ಸಾಕು ಮಾರಾಯ್ರೆ, ಹೂವಿನ ಚಿತ್ರ ಹತ್ತು ಹಾಕಿದರೆ ತಾರೀಕು ಹುಡುಕಬೇಕಾಗುತ್ತದೆ.

ನೀರ್ಚಾಲಿನವರ ಮಾತು ಅರ್ಧ ಸರಿ. ಕೊನೆಯ ತಾರೀಕಿಗೆ ಸ್ವಲ್ಪ ಎಡೆ ಬಿಡಲೇಬೇಕು. ಆದರೆ 10 ದಿನ ಅಂತ ನಂಬಿ ಅವರು ಊರಿಗೆ ಹೊರಟರೆ, ಪಾರ್ಸೆಲ್ ನಾಲ್ಕನೇ ದಿನಕ್ಕೆ ಬಂದು ಬೀಗ ನೋಡಿ ವಾಪಸ್ ಹೋಗುತ್ತದೆ.

ನೀರ್ಚಾಲಿನವರು: ಅದೂ ಹೌದು. ಆದರೆ ಮಳೆಗಾಲದಲ್ಲಿ ಏನು ಮಾಡ್ತೀರಿ? ಹಪ್ಪಳ ಒಣಗುವುದೇ ಇಲ್ಲ.

ಮುಳ್ಳೇರಿಯದವರು: ಡಬ್ಬಿಯಲ್ಲಿ ಮಾಲು ಇಲ್ಲದಿದ್ದರೆ ಹಣವೇ ತೆಗೆದುಕೊಳ್ಳಬೇಡಿ. ಹಣ ಮೊದಲೇ ಬಂದಿದ್ದರೆ "ಇನ್ನೂ ಒಣಗಿಲ್ಲ, ಶುಕ್ರವಾರ ಕಳಿಸುವೆನೋ ಇಲ್ಲವೋ ಗುರುವಾರ ಹೇಳುತ್ತೇನೆ, ಬೇಡವಾದರೆ ಹಣ ವಾಪಸ್" ಅಂತ ಬರೆಯಿರಿ. ಗುರುವಾರ ಹೇಳಲೂ ಬೇಕು, ಮಳೆ ಬಿಡದಿದ್ದರೂ. ಓಣಂ ವಾರವೂ ಹಾಗೆಯೇ, ಇಲ್ಲಿ ಅಂಚೆ ಕಚೇರಿಗೆ ರಜೆ ಅಂತ ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ, ಮೊದಲೇ ಒಂದು ಸಾಲು ಸೇರಿಸಿ.

ಕುಂಬಳೆಯವರು: ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡರೆ ಇದನ್ನೆಲ್ಲ ಪ್ರತಿ ಸಲ ಬರೆಯಬೇಕಿಲ್ಲ. ಕ್ವಿಕ್ ರಿಪ್ಲೈ ಅಂತ ಇಟ್ಟುಕೊಳ್ಳಿ, / ಒತ್ತಿದರೆ ಬರುತ್ತದೆ, ತಾರೀಕು ಮಾತ್ರ ಬದಲಿಸಿ. ತಾನಾಗಿ ಹೋಗುವ ಸ್ವಾಗತದ ಮೆಸೇಜಿನಲ್ಲಿ ಮಾತ್ರ "ಆರ್ಡರಿಗೆ ಧನ್ಯವಾದ" ಹಾಕಬೇಡಿ. ಬರೀ ರೇಟ್ ಕೇಳಿದವರಿಗೂ ಅದು ಹೋಗುತ್ತದೆ. ಮತ್ತೆ, ರಶೀದಿಯ ಫೋಟೋ ಅದೇ ಸಂಜೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ನಂಬರ್ ಹಾಕಿ ನೋಡುತ್ತಾರೆ, ಏನೂ ತೋರಿಸದಿದ್ದರೆ ಅದಕ್ಕೊಂದು ಫೋನ್.

ಮುಳ್ಳೇರಿಯದವರು: "ನಾಳೆ ನೋಡಿ" ಅಂತ ಜೊತೆಗೆ ಬರೆದರಾಯಿತಲ್ಲ. ಫೋಟೋ ಇಲ್ಲದಿದ್ದರೆ ಕಳಿಸಿದ್ದೀರಿ ಅಂತ ಅವರು ನಂಬುವುದು ಹೇಗೆ?

ಕುಂಬಳೆಯವರು: ಬರೆದರೂ ಓದುವುದಿಲ್ಲ. ನಾನು ಮರುದಿನ ಬೆಳಿಗ್ಗೆಯೇ ಕಳಿಸುವುದು.

ಬದಿಯಡ್ಕದಿಂದ ಕೇಳಿದವರು: ನಮ್ಮಲ್ಲಿ ಹಣ ಬರುವುದು ಯಜಮಾನರ ಖಾತೆಗೆ. "ಇದು ಯಾರು?" ಅಂತ ಕೇಳಿದವರು ಇದ್ದಾರೆ. ಆ ಸಾಲು ಇವತ್ತೇ ಸೇರಿಸುತ್ತೇನೆ. ಫೋಟೋ ಎರಡು ಥರವೂ ಕಳಿಸಿ ನೋಡುತ್ತೇನೆ.