ಸಹಾಯ ಬೇಕು: ಮಾನಿಟರ್ ಇಲ್ಲದ ಪಿಸಿಗೆ ಡಮ್ಮಿ ಪ್ಲಗ್

ನಮಸ್ಕಾರ. ಪಿಸಿ ಮೈಸೂರಿನ ಮನೆಯಲ್ಲಿದೆ, ವಾರವೆಲ್ಲ ನಾನು ಮಂಡ್ಯದಲ್ಲಿ. ಸ್ಕ್ರೀನ್ ಶೇರಿಂಗ್ ಆ್ಯಪ್‌ನಲ್ಲಿ ಕೆಲಸ ನಡೆಯುತ್ತಿತ್ತು. ಮಾನಿಟರನ್ನು ತಂಗಿ ಒಯ್ದ ಮೇಲೆ ಶುರುವಾಯ್ತು ತೊಂದರೆ. ಪಿಸಿ ರೀಸ್ಟಾರ್ಟ್ ಆದರೆ ಕನೆಕ್ಟ್ ಆಗುತ್ತೆ, ಆದರೆ ಪರದೆ ಪೂರ್ತಿ ಕಪ್ಪು. ಒಮ್ಮೊಮ್ಮೆ 1024x768ರಲ್ಲಿ ಬರುತ್ತೆ, ಅದನ್ನು ಬದಲಿಸಲು ಆಗಲ್ಲ.

ಫೋನಲ್ಲಿ ಹೇಳಿ ಅಪ್ಪನ ಕೈಲಿ ಟಿವಿಯ ಎಚ್‌ಡಿಎಂಐ ಕೇಬಲ್ ಹಾಕಿಸಿದೆ. ತಕ್ಷಣ ಸರಿಯಾಯ್ತು! ಕಿತ್ತರೆ ಮತ್ತೆ ಅದೇ ಕಥೆ. ಅಂದರೆ ಮಾನಿಟರ್ ಕೊಡುವ ಇಡಿಐಡಿ ಮಾಹಿತಿ ಇಲ್ಲದೆ ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನೇ ತಯಾರಿಸುತ್ತಿಲ್ಲ, ಅಲ್ವಾ? ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸುವ ಡಮ್ಮಿ ಪ್ಲಗ್‌ನ ಪುಟ್ಟ ಚಿಪ್ ಅದೇ ಮಾಹಿತಿ ಕೊಟ್ಟು, ಮಾನಿಟರ್ ಇದೆ ಅಂತ ಕಾರ್ಡನ್ನು ನಂಬಿಸುತ್ತೆ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್‌ಗೆ ಇದು ಬೇಕಿಲ್ಲ, ಆದರೆ ನನ್ನ ಪಿಸಿಯದು ಹೋಮ್ ಆವೃತ್ತಿ, ಅದಕ್ಕೆ ಹಾಗೆ ಕನೆಕ್ಟ್ ಆಗಲು ಬರಲ್ಲ.

ನನ್ನ ಲ್ಯಾಪ್‌ಟಾಪ್ 1080ಪಿ. 4ಕೆ ಪ್ಲಗ್ ಹಾಕಿದರೆ ಅಕ್ಷರ ತೀರಾ ಸಣ್ಣದಾಗುತ್ತಾ? ಮೈಸೂರಲ್ಲಿ ಯಾವ ಕಡೆ ಸಿಗುತ್ತೆ?