ವಯಸ್ಕರನ್ನೇ ಅಪ್ರಾಪ್ತರೆಂದು ಪರಿಗಣಿಸಿದ ವಿಡಿಯೋ ಖಾತೆ: ಅನುಭವವಿದ್ದವರು ತಿಳಿಸಿ

ರಾಜಾಜಿನಗರದಿಂದ ಪ್ರಶ್ನೆ: ನನಗೆ 23 ವರ್ಷ, ಶಿಶುವಿಹಾರವೊಂದರಲ್ಲಿ ಶಿಕ್ಷಕಿ. ತರಗತಿಗೆಂದೇ ಈ ವರ್ಷ ಹೊಸ ಖಾತೆ ತೆರೆದು ಶಿಶುಗೀತೆ, ಕಾಗದದ ಕರಕುಶಲ ಇಂಥವನ್ನೇ ನೋಡುತ್ತಿದ್ದೆ, ನಾನೂ ವಿಡಿಯೋ ಹಾಕುತ್ತಿದ್ದೆ. ಈಗ ಆ ವೇದಿಕೆ ನನ್ನನ್ನು 18ರ ಒಳಗಿನವಳೆಂದು ಪರಿಗಣಿಸಿದೆ. ಹೊಸದಾಗಿ ಹಾಕಿದ ವಿಡಿಯೋಗಳು ಪೋಷಕರಿಗೆ ಕಾಣುತ್ತಿಲ್ಲ. ಸೆಲ್ಫಿ ಕೊಟ್ಟರೂ ಒಪ್ಪಲಿಲ್ಲ. ಆಧಾರ್ ಕೊಡಬೇಕೇ?

ಬನಶಂಕರಿಯಿಂದ: ಇದಕ್ಕೆ ಇಷ್ಟು ಯೋಚನೆ ಬೇಡ ಮೇಡಂ. ಖಾತೆಯ ವಿವರಗಳಲ್ಲಿ ಜನ್ಮದಿನಾಂಕ ತಪ್ಪಾಗಿ ನಮೂದಾಗಿರಬೇಕು, ಅದನ್ನು ಸರಿಪಡಿಸಿದರೆ ಸಾಕು. ನನ್ನ ತಂಗಿಯ ಖಾತೆಯಲ್ಲಿ ಹೀಗೆಯೇ ಆಗಿತ್ತು, ವರ್ಷ ತಿದ್ದಿದ ಮೇಲೆ ಎಲ್ಲವೂ ಮೊದಲಿನಂತಾಯಿತು.

ಮಾರತ್ತಹಳ್ಳಿಯಿಂದ: ನಾನು ಇಂಥ ಪರಿಶೀಲನಾ ವ್ಯವಸ್ಥೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಬನಶಂಕರಿಯವರ ಮಾತು ಹಳೆಯ ವಿಧಾನಕ್ಕೆ ಸರಿ. ನೀವು ಬರೆದುಕೊಟ್ಟ ಜನ್ಮದಿನಾಂಕವೊಂದನ್ನೇ ನಂಬುವ ಕಡೆ ಅದನ್ನು ತಿದ್ದಿದರೆ ಕೆಲಸ ಆಗುತ್ತದೆ. ಆದರೆ ಈಗ ಬರುತ್ತಿರುವ ಅಂದಾಜು ಪದ್ಧತಿ ಆ ದಿನಾಂಕವನ್ನು ಬದಿಗಿಟ್ಟು ಲೆಕ್ಕ ಹಾಕುತ್ತದೆ. ನಿಮ್ಮ ವೇದಿಕೆ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಬಹಿರಂಗವಾಗಿ ವಿವರಿಸಲಾಗಿರುವ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಯೂಟ್ಯೂಬ್ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಇದನ್ನು ಆರಂಭಿಸಿದಾಗ ತಾನು ಗಮನಿಸುವ ಸೂಚನೆಗಳೆಂದು ಹೇಳಿದ್ದು ಮುಖ್ಯವಾಗಿ ಮೂರು: ಏನನ್ನು ಹುಡುಕುತ್ತೀರಿ, ಯಾವ ಬಗೆಯ ವಿಡಿಯೋ ನೋಡುತ್ತೀರಿ, ಖಾತೆ ಎಷ್ಟು ಹಳೆಯದು. ಯಂತ್ರ 18ರ ಒಳಗೆಂದು ತೀರ್ಮಾನಿಸಿದರೆ ವಯಸ್ಕರಿಗೆ ಮೀಸಲಾದ ವಿಡಿಯೋಗಳು ಮುಚ್ಚುತ್ತವೆ, ನಿಮ್ಮ ಆಸಕ್ತಿ ನೋಡಿ ಬರುತ್ತಿದ್ದ ಜಾಹೀರಾತು ನಿಲ್ಲುತ್ತದೆ, ವಿರಾಮ ತೆಗೆದುಕೊಳ್ಳಿ, ಮಲಗುವ ಹೊತ್ತಾಯಿತು ಎಂಬ ನೆನಪೋಲೆಗಳು ತಾವಾಗಿಯೇ ಚಾಲೂ ಆಗುತ್ತವೆ, ಹೊಸ ವಿಡಿಯೋ ಹಾಕಿದರೆ ಅದು ಮೊದಲಿಗೆ ಖಾಸಗಿಯಾಗಿಯೇ ಉಳಿಯುತ್ತದೆ. ಯಾವ ಎಚ್ಚರಿಕೆಯೂ ಕಣ್ಣಿಗೆ ಬೀಳದಿದ್ದರೂ ಈ ಬದಲಾವಣೆಗಳು ಒಟ್ಟಿಗೆ ಕಂಡರೆ ಏನಾಗಿದೆ ಎಂದು ಊಹಿಸಬಹುದು.

ಈಗ ನಿಮ್ಮ ಖಾತೆಯನ್ನು ಆ ಯಂತ್ರದ ಕಣ್ಣಿನಿಂದ ನೋಡಿ. ಖಾತೆ ಹೊಸದು, ಹುಡುಕಿದ್ದೆಲ್ಲ ಶಿಶುಗೀತೆ, ನೋಡಿದ್ದೆಲ್ಲ ಮಕ್ಕಳ ಕರಕುಶಲ. ನೀವು ಶಿಕ್ಷಕಿ ಎಂದು ಅದಕ್ಕೆ ತಿಳಿಸುವಂಥದ್ದು ಅಲ್ಲಿ ಏನೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎತ್ತರ ನೋಡಿ ಅರ್ಧ ಟಿಕೆಟ್ ಹರಿದಂತೆ ಇದು ಕೂಡ ಹೊರಗಿನ ಗುರುತು ನೋಡಿ ಮಾಡಿದ ತೀರ್ಮಾನ. ನೋಡಿದ ಇತಿಹಾಸವನ್ನು ಅಳಿಸಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನಾದರೆ ಅದನ್ನು ನೆಚ್ಚಿಕೊಳ್ಳುವುದಿಲ್ಲ, ಏಕೆಂದರೆ ಅಳಿಸಿದ ಮೇಲೆ ಉಳಿಯುವುದು ಹೊಸ ಖಾತೆ, ಖಾಲಿ ಇತಿಹಾಸ, ಅಷ್ಟೇ.

ಜನ್ಮದಿನಾಂಕವನ್ನು ಸುಮ್ಮನೆ ತಿದ್ದಿ ನೋಡುವುದೂ ಬೇಡ. ಗೂಗಲ್ ಖಾತೆಯಲ್ಲಿ ಕೈತಪ್ಪಿ 13ಕ್ಕಿಂತ ಕಡಿಮೆ ಬರುವಂತೆ ವರ್ಷ ನಮೂದಿಸಿದರೆ 14 ದಿನಗಳೊಳಗೆ ಸರಿಪಡಿಸಬೇಕಾಗುತ್ತದೆ, ಇಲ್ಲವಾದರೆ ಖಾತೆಯೇ ನಿಷ್ಕ್ರಿಯವಾಗುತ್ತದೆ.

ಹೆಬ್ಬಾಳದಿಂದ: ನನ್ನ ಮಗ ಏಳನೆಯ ತರಗತಿ. ಅವನ ಖಾತೆಯಲ್ಲಿ ಇಂಥ ನಿರ್ಬಂಧ ಬರಲೆಂದು ನಾನು ಕಾಯುತ್ತಿದ್ದೇನೆ, ಆದರೆ ಅವನನ್ನು ವಯಸ್ಕನೆಂದೇ ಪರಿಗಣಿಸಿದ್ದಾರೆ. ನಿಮ್ಮ ಖಾತೆಯಲ್ಲಿ ಅದನ್ನು ಹೇಗೆ ತರಿಸಿದಿರಿ ಎಂದು ದಯವಿಟ್ಟು ತಿಳಿಸಿ.

ಮಾರತ್ತಹಳ್ಳಿಯಿಂದ: ಸರ್, ಅವರು ತರಿಸಿಕೊಂಡದ್ದಲ್ಲ, ಬೇಡವಾಗಿ ಬಂದದ್ದು. ನಿಮಗೆ ಬೇಕಾದದ್ದು ಪೋಷಕರ ಮೇಲ್ವಿಚಾರಣೆಯ ಖಾತೆ, ಅದರ ದಾರಿ ಬೇರೆ.

ಸೆಲ್ಫಿಯ ವಿಷಯ ಹೇಳಲು ಮರೆತಿದ್ದೆ. ಮುಖ ನೋಡಿ ವಯಸ್ಸು ಅಂದಾಜು ಮಾಡುವ ತಂತ್ರಾಂಶ ನೀವು ಯಾರೆಂದು ಗುರುತಿಸುವುದಿಲ್ಲ, ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ನಿಸ್ಟ್ 2024ರಲ್ಲಿ ಆರು ತಂತ್ರಾಂಶಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಒಂದೇ ಚಿತ್ರಸಂಗ್ರಹದ ಮೇಲೆ 2014ರಲ್ಲಿ 4.3 ವರ್ಷವಿದ್ದ ಸರಾಸರಿ ತಪ್ಪು 3.1ಕ್ಕೆ ಇಳಿದಿತ್ತು, ಮಹಿಳೆಯರ ಮುಖಗಳಲ್ಲಿ ತಪ್ಪು ಬಹುತೇಕ ಎಲ್ಲ ಸಂದರ್ಭಗಳಲ್ಲೂ ಹೆಚ್ಚಾಗಿತ್ತು. ಸರಾಸರಿಯೇ ಮೂರು ವರ್ಷವೆಂದಾಗ, 17ರವರು ನುಸುಳದಂತೆ ತಡೆಯಲು 18ಕ್ಕೇ ಗೆರೆ ಎಳೆದರೆ ಸಾಲದು, ಅದನ್ನು ಇನ್ನಷ್ಟು ಮೇಲಕ್ಕೆ ಇಡಬೇಕಾಗುತ್ತದೆ. ಗೆರೆ 25ರಲ್ಲಿದೆ ಎಂದುಕೊಳ್ಳಿ. ಆಗ ಯಂತ್ರ ನಿಮ್ಮನ್ನು ಸರಿಯಾಗಿ 23 ಎಂದೇ ಅಂದಾಜಿಸಿದರೂ ನೀವು ತೇರ್ಗಡೆಯಾಗುವುದಿಲ್ಲ. ಹಾಗಾಗಿ ಸೆಲ್ಫಿ ತಿರಸ್ಕೃತವಾಯಿತೆಂದರೆ ನಿಮ್ಮನ್ನು ಮಗುವೆಂದು ನಿರ್ಣಯಿಸಿದರು ಎಂದಲ್ಲ, ಖಚಿತವಾಗಲಿಲ್ಲ ಎಂದಷ್ಟೇ ಅರ್ಥ. ಕಿಟಕಿಯ ಎದುರು ಕುಳಿತು, ಕನ್ನಡಕ ತೆಗೆದು ಇನ್ನೊಮ್ಮೆ ಪ್ರಯತ್ನಿಸಬಹುದು, ಆದರೆ 20ರ ಆಸುಪಾಸಿನವರಿಗೆ ದಾಖಲೆಯ ದಾರಿಯೇ ಹೆಚ್ಚು ಖಚಿತ.

ಮಲ್ಲೇಶ್ವರದಿಂದ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ನನ್ನನ್ನೂ ಬಾಲಕನನ್ನಾಗಿ ಮಾಡಿದರು! ಪಡಸಾಲೆಯ ಟಿವಿಯಲ್ಲಿ ನನ್ನದೇ ಖಾತೆ ಇರುತ್ತದೆ, ಶಾಲೆಯಿಂದ ಬಂದ ಮೊಮ್ಮಗ ಸಂಜೆಯವರೆಗೂ ಕಾರ್ಟೂನ್ ಹಾಕಿಕೊಂಡು ಕೂರುತ್ತಾನೆ. ನಾನು ಕ್ರೆಡಿಟ್ ಕಾರ್ಡ್ ದಾರಿ ಹಿಡಿದೆ. ಸಣ್ಣ ಮೊತ್ತವೊಂದನ್ನು ತಾತ್ಕಾಲಿಕವಾಗಿ ತಡೆಹಿಡಿದು ಆಮೇಲೆ ಬಿಡುತ್ತಾರೆ, ಹಣ ಕಡಿತವಾಗುವುದಿಲ್ಲ. ಮೊದಲು ಅದೂ ವಿಫಲವಾಯಿತು. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಇರುತ್ತದೆ, ಆ ಕೋರಿಕೆ ಹೊರದೇಶದಿಂದ ಬಂದಿತ್ತು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿದೆ. ಡೆಬಿಟ್ ಕಾರ್ಡ್ ಅಥವಾ ಯುಪಿಐಯನ್ನು ಏಕೆ ಒಪ್ಪುವುದಿಲ್ಲ ಎಂದು ಮಗಳು ಕೇಳಿದಳು. ಹತ್ತು ವರ್ಷ ದಾಟಿದ ಮಕ್ಕಳೂ ತಾವೇ ಬ್ಯಾಂಕ್ ಖಾತೆ ನಡೆಸಬಹುದಾದ್ದರಿಂದ ಅವು ವಯಸ್ಸಿಗೆ ಸಾಕ್ಷಿಯಾಗುವುದಿಲ್ಲ.

ಜಯನಗರದಿಂದ: ನಾನು ವಕೀಲೆ. ಆಧಾರ್ ಕೊಡುವ ಮೊದಲು ನಿಮ್ಮ ಕಾರ್ಡನ್ನು ಒಮ್ಮೆ ನೋಡಿ: ಹಳೆಯ ಕಾರ್ಡುಗಳಲ್ಲಿ ಎಷ್ಟೋ ವೇಳೆ ಪೂರ್ಣ ದಿನಾಂಕವಿಲ್ಲದೆ ಹುಟ್ಟಿದ ವರ್ಷ ಮಾತ್ರ ಮುದ್ರಿತವಾಗಿರುತ್ತದೆ, ಪೂರ್ಣ ದಿನಾಂಕ ಬಯಸುವ ವ್ಯವಸ್ಥೆ ಅದನ್ನು ತಿರಸ್ಕರಿಸಬಹುದು. ಪ್ಯಾನ್ ಕಾರ್ಡನ್ನು ಒಪ್ಪುತ್ತಾರಾದರೆ ಅದೇ ಮೇಲು, ಜನ್ಮದಿನಾಂಕ ಪೂರ್ತಿಯಾಗಿರುತ್ತದೆ, ವಿಳಾಸ ಇರುವುದಿಲ್ಲ. ಆಧಾರ್ ಒಂದೇ ಗತಿಯಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಯುಐಡಿಎಐ ತಾಣದಿಂದ ಇಳಿಸಿಕೊಂಡು ಕೊಡಿ. ಇಂಥ ತಪ್ಪುಗಳು ಇಲ್ಲಿ ಹೆಚ್ಚುತ್ತವೆ ಎಂದೇ ನನ್ನ ಅಂದಾಜು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಗು ಎಂದರೆ 18 ತುಂಬದವರು, ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವಂತಿಲ್ಲ, ಮಕ್ಕಳ ವಿಷಯದಲ್ಲಿ ಲೋಪವಾದರೆ ದಂಡ 200 ಕೋಟಿ ರೂಪಾಯಿಯವರೆಗೆ ಹೋಗಬಹುದು. ವಯಸ್ಕರನ್ನು ಮಗುವೆಂದು ತಪ್ಪಾಗಿ ಎಣಿಸಿದ್ದಕ್ಕೆ ಅಂಥ ದಂಡವಿಲ್ಲ.

ಮಾರತ್ತಹಳ್ಳಿಯಿಂದ: ಹಾಗಾಗಿ ತಪ್ಪುಗಳು ಹೆಚ್ಚುತ್ತವೆ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಜಾಹೀರಾತಿನ ಆದಾಯ ಬರುವುದು ವಯಸ್ಕರಿಂದಲೇ, ಅವರನ್ನು ಕಳೆದುಕೊಳ್ಳಲು ವೇದಿಕೆಗಳೂ ಬಯಸುವುದಿಲ್ಲ. ಪ್ಯಾನ್ ಸಲಹೆ ಮಾತ್ರ ಒಳ್ಳೆಯದು.

ರಾಜಾಜಿನಗರದಿಂದ: ಎಲ್ಲರಿಗೂ ಧನ್ಯವಾದ. ನನ್ನ ಆಧಾರ್‌ನಲ್ಲಿ ವರ್ಷ ಮಾತ್ರ ಇದೆ, ಆದ್ದರಿಂದ ಪ್ಯಾನ್ ಕೊಡುತ್ತೇನೆ. ಅದು ಒಪ್ಪಿಗೆಯಾದರೆ ಮುಚ್ಚಿಹೋದ ವಿಡಿಯೋಗಳು ತಾವಾಗಿಯೇ ತೆರೆದುಕೊಳ್ಳುತ್ತವೆಯೇ?

ಮಾರತ್ತಹಳ್ಳಿಯಿಂದ: ಹಾಗೆಂದು ಸುಮ್ಮನಿರಬೇಡಿ. ಖಾಸಗಿಯಾಗಿ ಉಳಿದ ಒಂದೊಂದು ವಿಡಿಯೋದ ಸೆಟ್ಟಿಂಗ್ ತೆರೆದು ಸಾರ್ವಜನಿಕ ಎಂದು ನೀವೇ ಬದಲಿಸಿ, ಆಮೇಲೆ ಖಾತೆಯಿಂದ ಹೊರಬಂದು ಬೇರೊಂದು ಫೋನಿನಲ್ಲಿ ಕೊಂಡಿ ತೆರೆಯುತ್ತದೆಯೇ ಎಂದು ನೋಡಿಕೊಂಡು ಪೋಷಕರಿಗೆ ಕಳಿಸಿ.