ಹೆಬ್ಬಲಸಿನ ದೋಣಿಯ ತಳ ಕೊಳೆತಿದೆ: ಹಲಗೆ ಬದಲಿಸಬೇಕೇ, ಫೈಬರ್ ಹೊದಿಸಬೇಕೇ?

ಮಲ್ಪೆಯ ದೋಣಿಯವ
ಅಪ್ಪನ ಕಾಲದ 28 ಅಡಿಯ ನಾಡದೋಣಿ. ತಳದಲ್ಲಿ, ನಡುದಿಮ್ಮಿಗೆ ತಾಗಿದ ಎರಡು ಹಲಗೆಗಳಿಗೆ ಚಾಕು ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಫೈಬರ್ ಕೆಲಸದವರು "ಹಲಗೆ ಬಿಚ್ಚುವುದೇ ಬೇಡ, ಹೊರಗಿನಿಂದ ಮೂರು ಪದರ ಹೊದಿಸಿದರೆ ಸಾಕು" ಎನ್ನುತ್ತಾರೆ. ಹೆಬ್ಬಲಸಿನ ಬೆಲೆ ಕೇಳಿದರೆ ಎದೆ ನಡುಗುತ್ತದೆ. ಜೂನ್ 1ರಿಂದ ಟ್ರಾಲ್ ದೋಣಿಗಳು ನಿಲ್ಲುತ್ತವೆ, ನಮಗೆ ಅದೇ ಸುಗ್ಗಿ. ಅಷ್ಟರೊಳಗೆ ನೀರಿಗಿಳಿಸಬೇಕು.

ಹೆಜಮಾಡಿ ಕಡಲು
ಫೈಬರ್ ಹೊದಿಸಿ ಅಣ್ಣ. ಮರ ಕೊರೆಯುವ ಹುಳು ಅದನ್ನು ದಾಟಿ ಒಳಗೆ ಬರುವುದಿಲ್ಲ, ವರ್ಷವರ್ಷ ಎಣ್ಣೆ ಬಳಿಯುವ ಕೆಲಸವೂ ಇಲ್ಲ.

ಬೆಂಗ್ರೆಯವ
ನನ್ನ ಫೈಬರ್ ದೋಣಿಯಲ್ಲಿ ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಅಲುಗಾಡುತ್ತಿದೆ. ನಿಮ್ಮದೂ ಹಾಗೆಯೇ ಇರಬಹುದು, ಬೋಲ್ಟ್ ಬಿಗಿ ಮಾಡಿ ನೋಡಿ.

ಗಂಗೊಳ್ಳಿ ಬಡಗಿ
ಬೆಂಗ್ರೆಯವರೇ, ಇಲ್ಲಿ ಕೊಳೆತಿರುವುದು ತಳ. ನಿಮ್ಮ ಹಲಗೆಯೊಳಗೂ ನೀರು ಸೇರಿರಬಹುದು, ಅದಕ್ಕೆ ಬೇರೆ ಚರ್ಚೆ ತೆರೆಯಿರಿ.

ಹುಳುವಿನ ಮಾತು ಸರಿ. ಆದರೆ ಇದು ಹುಳುವಿನ ಕೆಲಸವಲ್ಲ ಎಂದು ನನಗೆ ಅನಿಸುತ್ತದೆ. ಹುಳು ಹಿಡಿದಿದ್ದರೆ ಒಳಗೆ ಸುಣ್ಣದ ಪೊರೆಯ ಕೊಳವೆಗಳು ಕಾಣುತ್ತವೆ. ದೋಣಿಯೊಳಗೆ ನಿಂತ ಮಳೆನೀರು ತಳದ ಹಲಗೆಗೆ ಉಪ್ಪುನೀರಿಗಿಂತ ಹೆಚ್ಚು ಕೇಡು. ಒದ್ದೆ ಮರಕ್ಕೆ ಹೊರಗಿನಿಂದ ಫೈಬರ್ ಹೊದಿಸಿದರೆ ಆ ನೀರು ಅಲ್ಲೇ ಉಳಿದು ಕೊಳೆ ಬೆಳೆಯುತ್ತದೆ. ಹೊರಗೆ ಹೊಳಪು, ಒಳಗೆ ಹಿಟ್ಟು.

ಮೊದಲು ಎರಡು ಪರೀಕ್ಷೆ ಮಾಡಿ. ಗಟ್ಟಿಯಾಗಿರುವ ಹಲಗೆಯಿಂದ, ಒಂದು ಅಂಗುಲ ಆಳದ ಮರದ ಚೂರುಗಳನ್ನು ತೆಗೆದು ತಕ್ಷಣ ತೂಗಿ. ಒಲೆಯ ಪಕ್ಕದಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ. ಶೇ 15ಕ್ಕಿಂತ ಹೆಚ್ಚು ಬಂದರೆ ಹೊದಿಕೆಯ ಮಾತೇ ಬೇಡ. ಎರಡನೆಯದು, ಹಲಗೆ ಉಜ್ಜಿ ಅಂಗೈಯಗಲ ಫೈಬರ್ ಅಂಟಿಸಿ, ಗಟ್ಟಿಯಾದ ಮೇಲೆ ಇಕ್ಕಳದಿಂದ ಕೀಳಿ. ಮರದ ನಾರು ಕಿತ್ತು ಬಂದರೆ ಅಂಟು ಹಿಡಿದಿದೆ.

ಮಲ್ಪೆಯ ದೋಣಿಯವ
ಪತ್ನಿಯ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 50 ಗ್ರಾಂ ಒಣಗಿ 39 ಆಯಿತು, ಅಂದರೆ ಶೇ 28. ಅಂಟಿಸಿದ ತುಂಡು ನಯವಾಗಿ ಎದ್ದು ಬಂತು, ಹಿಂಬದಿಯಲ್ಲಿ ಒಂದು ನಾರೂ ಇಲ್ಲ, ಕಪ್ಪು ಜಿಡ್ಡು ಮಾತ್ರ. ಅಪ್ಪ ಬಳಿಯುತ್ತಿದ್ದ ಗೇರುಸಿಪ್ಪೆಯ ಎಣ್ಣೆ ಅದು.

ಗಂಗೊಳ್ಳಿ ಬಡಗಿ
ಹಾಗಾದರೆ ಎರಡು ಹಲಗೆ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ. ಕೊಳೆ ನಿಂತಂತೆ ಕಂಡಲ್ಲಿಂದ ಒಂದು ಅಡಿ ಆಚೆಗೆ ಕತ್ತರಿಸಿ. ಎರಡು ಕೂಡುಗಳೂ ಒಂದೇ ಅಡ್ಡಪಟ್ಟಿಯ ಮೇಲೆ ಬರದಿರಲಿ. ಹಳೆಯ ಮೊಳೆ ತಾಮ್ರದ್ದಾದರೆ ಹೊಸದೂ ತಾಮ್ರದ್ದೇ ಇರಲಿ. ಕಬ್ಬಿಣ ಬೆರೆತರೆ ಉಪ್ಪುನೀರಿನಲ್ಲಿ ಕಬ್ಬಿಣವೇ ಮೊದಲು ತಿಂದುಹೋಗುತ್ತದೆ.

ಹೆಜಮಾಡಿ ಕಡಲು
ಎಪಾಕ್ಸಿ ಬಳಸಿದರೆ? ಅದು ಮರಕ್ಕೆ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ.

ಗಂಗೊಳ್ಳಿ ಬಡಗಿ
ಹಿಡಿಯುತ್ತದೆ, ಒಣ ಮರಕ್ಕೆ. ಎಣ್ಣೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಹಲಗೆ ಕೆತ್ತಿದರೆ ಮಾತ್ರ ಗೊತ್ತಾಗುತ್ತದೆ, ಕೆತ್ತಿದಷ್ಟೂ ಹಲಗೆ ತೆಳುವಾಗುತ್ತದೆ.

ಮಲ್ಪೆಯ ದೋಣಿಯವ
ಮರವೇ ಸರಿ ಎಂದು ತೀರ್ಮಾನಿಸಿದೆ, ಮುಂಗಡವೂ ಕೊಟ್ಟೆ. ಒಣಗಿದ ಹೊಸ ಹಲಗೆ ನೀರಿಗಿಳಿದ ಮೇಲೆ ಉಬ್ಬುತ್ತದಲ್ಲ, ಹತ್ತಿ ತುಂಬುವ ಸಂದಿಯನ್ನು ಎಷ್ಟು ಬಿಡಬೇಕು?